ಅರವತ್ತು ಇಮೇಲ್, ಎರಡು ಉತ್ತರ: ಅಡಿಕೆ ಹಾಳೆ ತಟ್ಟೆ ಮಾರುವ ಪತ್ರವನ್ನು ಯಾರಾದರೂ ತಿದ್ದಿಕೊಡುವಿರಾ?

ಹಾಳೆಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮ್ಮ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಹಾಳೆ ತಟ್ಟೆ ಮಾಡುವ ಯಂತ್ರ ಹಾಕಿ ಮೂರನೆಯ ವರ್ಷ. ನಮ್ಮ ತೋಟದ ಹಾಳೆ ಸಾಲುವುದಿಲ್ಲ, ಅಕ್ಕಪಕ್ಕದ ತೋಟಗಳಿಂದಲೂ ಕೊಳ್ಳುತ್ತೇವೆ. ದಿನಕ್ಕೆ ಸುಮಾರು 1,200 ತಟ್ಟೆ ಆಗುತ್ತದೆ.

ಈಗಿರುವ ಗಿರಾಕಿಗಳೆಲ್ಲ ಪರಿಚಯದಿಂದ ಬಂದವರು. ಹೊಸಬರನ್ನು ಹುಡುಕೋಣವೆಂದು ಹೋದ ತಿಂಗಳು 60 ಇಮೇಲ್ ಕಳುಹಿಸಿದೆ. ಬೆಂಗಳೂರಿನ ಕ್ಯಾಟರಿಂಗ್‌ನವರು, ಹೋಟೆಲ್‌ಗಳು, ಚಿಕ್ಕಮಗಳೂರು ಕಡೆಯ ರೆಸಾರ್ಟ್‌ಗಳು, ಸಾವಯವ ಅಂಗಡಿಗಳು, ಎರಡು ಕಾಲೇಜು ಕ್ಯಾಂಟೀನ್, ಹೀಗೆ ವಿಳಾಸ ಸಿಕ್ಕವರಿಗೆಲ್ಲ. ಬಂದದ್ದು ಎರಡೇ ಉತ್ತರ. ಎರಡರಲ್ಲೂ ಒಂದೇ ಪ್ರಶ್ನೆ: ರೇಟ್ ಎಷ್ಟು? ಹೇಳಿದೆ. ಆಮೇಲೆ ಮೌನ.

ಪತ್ರ ಹೀಗಿತ್ತು: «ಮಾನ್ಯರೇ, ನಾವು ಮಲೆನಾಡಿನ ಹೃದಯಭಾಗದಿಂದ ಪರಿಸರ ಸ್ನೇಹಿ, ನೈಸರ್ಗಿಕ, ರಾಸಾಯನಿಕ ಮುಕ್ತ ಅಡಿಕೆ ಹಾಳೆ ತಟ್ಟೆಗಳನ್ನು ತಯಾರಿಸುತ್ತಿದ್ದೇವೆ. ಉತ್ತಮ ಗುಣಮಟ್ಟ, ಸ್ಪರ್ಧಾತ್ಮಕ ದರ, ಎಲ್ಲ ಅಳತೆಗಳೂ ಲಭ್ಯ. ತಮ್ಮ ಆರ್ಡರ್‌ಗಾಗಿ ಎದುರು ನೋಡುತ್ತೇವೆ.»

ಇದನ್ನು ಚೆನ್ನಾಗಿ ಬರೆದುಕೊಡುವವರಿದ್ದರೆ ಉಪಕಾರವಾಗುತ್ತದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇಕು.

ವಿನೋಬನಗರದವ

ನಾನು ಇಮೇಲ್ ಮಾರ್ಕೆಟಿಂಗ್ ಕೆಲಸವನ್ನೇ ಮಾಡುವವನು, ಹಾಗಾಗಿ ನೇರವಾಗಿ ಹೇಳುತ್ತೇನೆ. ವಿಷಯದ ಸಾಲು ಏನಿತ್ತು? ಅದರಲ್ಲಿ ಗಿರಾಕಿಯ ಹೆಸರಿರಬೇಕು. ಒಂದೇ ಸಲ ಕಳುಹಿಸಿ ಬಿಟ್ಟಿದ್ದೀರಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ ನೆನಪಿಸಬೇಕು. ಸ್ವಂತ ಡೊಮೈನ್‌ನಿಂದ ಕಳುಹಿಸಿದ್ದರೆ, ಪತ್ರ ನಿಮ್ಮಿಂದಲೇ ಬಂದದ್ದೆಂದು ತೋರಿಸುವ SPF, DKIM ಹಾಕಿದ್ದೀರಾ ನೋಡಿ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಅವಿಲ್ಲದಿದ್ದರೆ ಪತ್ರ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಹೆಚ್ಚು. ಪತ್ರದ ಒಕ್ಕಣೆ ಆಮೇಲಿನ ಮಾತು.

ಗಾಂಧಿಬಜಾರ್ ಹಳಬ

ತಮ್ಮಾ, ಅಡುಗೆ ಕಂಟ್ರಾಕ್ಟರು ಕಂಪ್ಯೂಟರ್ ಮುಂದೆ ಕೂತು ನಿನ್ನ ಪತ್ರ ಓದುತ್ತಾನೆಂದು ಯಾರು ಹೇಳಿದರು? ನಲವತ್ತು ವರ್ಷ ಪಾತ್ರೆ ವ್ಯಾಪಾರ ಮಾಡಿದ್ದೇನೆ. ರಾತ್ರಿ ಬಸ್ ಹತ್ತು, ಕೈಯಲ್ಲಿ ಎರಡು ಕಟ್ಟು ತಟ್ಟೆ ಹಿಡಿದುಕೋ, ಬೆಳಿಗ್ಗೆ ಅವರ ಅಡುಗೆಮನೆ ಬಾಗಿಲಲ್ಲಿ ನಿಲ್ಲು. ಮಾಲು ತಾನೇ ಮಾತಾಡುತ್ತದೆ.

ವರದಾತೀರ, ಸಾಗರ

ಹಳಬರು ಹೇಳಿದ ಹಾಗೆ ಬಾಗಿಲಲ್ಲಿ ನಿಂತರೂ ಮೊದಲ ಮಾತು ಬೇಕಲ್ಲ. «ಏನಪ್ಪಾ ವಿಶೇಷ ನಿನ್ನ ತಟ್ಟೆಯಲ್ಲಿ?» ಎಂದು ಆತ ಕೇಳಿದರೆ ಹಾಳೆಮನೆಯವರು ಏನೆನ್ನುತ್ತಾರೆ? ಪರಿಸರ ಸ್ನೇಹಿ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಬೆಂಗಳೂರಿನಲ್ಲಿ ಕಾರ್ಖಾನೆಗಳಿಗೆ ಪ್ಯಾಕಿಂಗ್ ಸಾಮಾನು ಮಾರುವ ಕೆಲಸದಲ್ಲಿ ಹದಿನೈದು ವರ್ಷ ಇದ್ದು ಊರಿಗೆ ಮರಳಿದವನು ನಾನು. ಪತ್ರವನ್ನು ತಿದ್ದಿಕೊಡುವುದಿಲ್ಲ, ಬೇಸರಿಸಬೇಡಿ. ನಿಮ್ಮ ಪತ್ರದಲ್ಲಿ ನಿಮ್ಮ ಹೆಸರನ್ನು ಅಳಿಸಿ, ಪುತ್ತೂರಿನಲ್ಲೋ ದಾವಣಗೆರೆಯಲ್ಲೋ ಇದೇ ಕೆಲಸ ಮಾಡುವ ಇನ್ನೊಬ್ಬರ ಹೆಸರು ಬರೆಯಿರಿ. ಯಾವ ಪದ ಸುಳ್ಳಾಯಿತು? ಒಂದೂ ಇಲ್ಲ. «ಮಲೆನಾಡಿನ ಹೃದಯಭಾಗ» ಒಂದು ಅಳ್ಳಾಡೀತು, ಅಷ್ಟೆ. ಯಾರ ಹೆಸರು ಹಾಕಿದರೂ ನಿಲ್ಲುವ ಪತ್ರಕ್ಕೆ ಬರುವ ಸಹಜ ಉತ್ತರ «ರೇಟ್ ಎಷ್ಟು» ಎಂಬುದೇ. ಓದಿದವನಿಗೆ ಹೋಲಿಸಲು ಬೇರೇನನ್ನೂ ನೀವು ಕೊಟ್ಟಿಲ್ಲ.

ವಿನೋಬನಗರದವರ ಮಾತು ಸುಳ್ಳಲ್ಲ, ಸ್ಪ್ಯಾಮ್ ವಿಷಯವನ್ನು ಒಮ್ಮೆ ನೋಡಿಕೊಳ್ಳಿ. ಆದರೆ ಇಬ್ಬರು ಓದಿ ಉತ್ತರಿಸಿದ ಮೇಲೂ ವ್ಯಾಪಾರ ಕುದುರಲಿಲ್ಲ. ಅದಕ್ಕೆ ಸ್ಪ್ಯಾಮ್ ಕಾರಣವಲ್ಲ.

ಮಂಡಿಗೆ ಅಡಿಕೆ ಒಯ್ಯುವಾಗ «ಉತ್ತಮ ಅಡಿಕೆ» ಎಂದು ಚೀಟಿ ಅಂಟಿಸಿ ಒಯ್ಯುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ಬೇರೆ ಮಾಡುತ್ತೇವೆ. ಸರಕು ಬೇಕಾದವನಿಗೆ ಗೊರಬಲು ತೋರಿಸಿದರೆ ಇಬ್ಬರ ಹೊತ್ತೂ ಹಾಳು. ನೀವು ಮಾಲನ್ನು ವಿಂಗಡಿಸುತ್ತೀರಿ, ಗಿರಾಕಿಗಳನ್ನು ವಿಂಗಡಿಸಿಲ್ಲ. ಆದ್ದರಿಂದ ಪತ್ರ ಬದಿಗಿರಲಿ, ಬಿಲ್ ಪುಸ್ತಕ ತೆಗೆಯಿರಿ. ಒಬ್ಬರೇ ಮೂರು ಸಲಕ್ಕಿಂತ ಹೆಚ್ಚು ಕೊಂಡವರು ಎಷ್ಟು ಮಂದಿ? ಅವರು ಯಾವ ಬಗೆಯ ಊಟಕ್ಕೆ ಕೊಳ್ಳುತ್ತಾರೆ? ನಿಮ್ಮ ಬಳಿ ಬರುವ ಮುಂಚೆ ಏನು ಬಳಸುತ್ತಿದ್ದರು, ಅದನ್ನು ಏಕೆ ಬಿಟ್ಟರು? ಈ ಮೂರಕ್ಕೆ ಉತ್ತರ ತನ್ನಿ. ಮೂರನೆಯದನ್ನು ಊಹಿಸಬೇಡಿ, ಫೋನ್ ಮಾಡಿ ಕೇಳಿ.

ಮಿಡಿ ಉಪ್ಪಿನಕಾಯಿ, ರಿಪ್ಪನ್‌ಪೇಟೆ

ನನ್ನದೂ ಇದೇ ಗೋಳು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೇನೆ. ಬೆಂಗಳೂರಿನ ಅಂಗಡಿಗಳಿಗೆ ಬರೆದರೆ ಉತ್ತರವೇ ಇಲ್ಲ. ಬಾಟಲಿಯ ಲೇಬಲ್ ಚೆನ್ನಾಗಿಲ್ಲವೇನೋ ಎಂದು ಬದಲಾಯಿಸಿದೆ. ಒಂದು ಸಾಲಿನಲ್ಲಿ ಏನು ಬರೆಯಬೇಕೆಂದು ನನಗೂ ಹೇಳಿ. «ಅಜ್ಜಿಯ ಕೈರುಚಿ» ಎಂದು ಹಾಕಿದ್ದೇನೆ.

ವರದಾತೀರ, ಸಾಗರ

ಅಕ್ಕಾ, ಬಾಟಲಿಯ ಮೇಲಿನ ಸಾಲು ಉಣ್ಣುವವರಿಗೆ. ಅಂಗಡಿಯವನಿಗೆ ಬರೆಯುವ ಸಾಲು ಬೇರೆ. ಅವನಿಗೆ ರುಚಿಗಿಂತ ಮೊದಲು ಬರುವುದು ಮಾಲು ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ, ಎಣ್ಣೆ ಸೋರಿ ಉಳಿದ ಸಾಮಾನು ಹಾಳಾಗುತ್ತದೆಯೇ, ಮಾರದ್ದನ್ನು ವಾಪಸು ಪಡೆಯುತ್ತೀರಾ ಎಂಬ ಚಿಂತೆ. ಅಜ್ಜಿಯ ಕೈರುಚಿ ಈಗ ಎಲ್ಲ ಬಾಟಲಿಗಳ ಮೇಲೂ ಇದೆ, ಅಜ್ಜಿ ಇಲ್ಲದ ಕಾರ್ಖಾನೆಗಳ ಬಾಟಲಿಗಳ ಮೇಲೂ. ನಿಮ್ಮದನ್ನು ಬೇರೆಯಾಗಿಯೇ ಕೇಳಿ, ಇಲ್ಲಿ ತಟ್ಟೆಯೊಂದಿಗೆ ಬೆರೆತುಹೋಗುತ್ತದೆ.

ಮಲ್ಲೇಶ್ವರದ ಹೊಸನಗರದವಳು

ಇದನ್ನು ಇನ್ನೊಂದು ದಡದಿಂದ ಹೇಳುತ್ತೇನೆ. ಆರು ವರ್ಷ ಒಂದು ದೊಡ್ಡ ಕ್ಯಾಟರಿಂಗ್ ಸಂಸ್ಥೆಯಲ್ಲಿ ಖರೀದಿ ನೋಡಿಕೊಂಡವಳು ನಾನು. ಇಂಥ ಪತ್ರಗಳು ಬಂದು ಬೀಳುತ್ತಿದ್ದದ್ದು ನನ್ನ ಮೊಬೈಲಿಗೇ.

2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂತು. ಅದಾದ ಮೇಲೆ ಪರಿಸರ ಸ್ನೇಹಿ ಎಂಬ ಪದವಿಲ್ಲದ ಪತ್ರವನ್ನೇ ನಾನು ನೋಡಲಿಲ್ಲ. ನಮಗೆ ಬರೆಯುವವರೆಲ್ಲ ಪರಿಸರ ಸ್ನೇಹಿಗಳೇ ಆದ ಮೇಲೆ ಆ ಪದ ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ. ಹಾಳೆಮನೆಯವರು ತಮ್ಮ ಎದುರಾಳಿ ಪ್ಲಾಸ್ಟಿಕ್ ಎಂದುಕೊಂಡು ಬರೆದಿದ್ದಾರೆ. ಈಗಿನ ಎದುರಾಳಿ ಕಬ್ಬಿನ ಸಿಪ್ಪೆಯ ಬಿಳಿ ತಟ್ಟೆ. ಅದು ಕಾರ್ಖಾನೆಯಿಂದ ಬರುತ್ತದೆ, ನೂರಕ್ಕೆ ನೂರೂ ಒಂದೇ ಥರ. ಪೆಟ್ಟಿಗೆ ಒಡೆದು ಮೇಜಿಗೆ ಇಟ್ಟರೆ ಮುಗಿಯಿತು.

ಹಾಳೆ ತಟ್ಟೆ ಹಾಗಲ್ಲ. ಒಂದು ದಪ್ಪ, ಒಂದು ತೆಳು, ಒಂದರ ಅಂಚು ಸೀಳಿರುತ್ತದೆ, ಮಳೆಗಾಲದಲ್ಲಿ ನಡುವಿನ ನಾಲ್ಕಕ್ಕೆ ಬೂಷ್ಟು ಹಿಡಿದಿರುತ್ತದೆ. ಹಾಗಿದ್ದೂ ಏಕೆ ಕೊಳ್ಳುತ್ತಿದ್ದೆವು ಎಂದರೆ, ಕೆಲವು ಮನೆಯವರು ಅದನ್ನೇ ಕೇಳುತ್ತಿದ್ದರು. ನೋಡಲು ಚಂದ, ನಿಂತು ಉಣ್ಣುವಾಗ ಕೈಯಲ್ಲಿ ಬಾಗುವುದಿಲ್ಲ.

ವಿನೋಬನಗರದವ

ಹಾಗಾದರೆ ಬೆಂಗಳೂರನ್ನೇ ಬಿಡಿ, ಅಮೆರಿಕದ ಆಮದುದಾರರಿಗೆ ಬರೆಯಿರಿ. ಅಲ್ಲಿ ಒಂದು ತಟ್ಟೆಗೆ ಸಿಗುವ ಬೆಲೆಯೇ ಬೇರೆ. ಸರಿಯಾದ ಗಿರಾಕಿ ಎಂದರೆ ದುಡ್ಡಿರುವ ಗಿರಾಕಿ ತಾನೇ?

ವರದಾತೀರ, ಸಾಗರ

ಅಲ್ಲಿಗೆ ಈಗ ದಾರಿ ಮುಚ್ಚಿದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಆಹಾರಕ್ಕೆ ಬಳಸಲು ಒಪ್ಪಿಗೆಯಿಲ್ಲ ಎಂದು ಹೇಳಿ ಆಮದಿಗೆ ತಡೆ ಹಾಕಿತು. ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂಬುದು ಅವರ ವಾದ. ನಮ್ಮಲ್ಲಿ ತಲೆತಲಾಂತರದಿಂದ ಹಾಳೆಯಲ್ಲಿ ಉಂಡಿದ್ದೇವೆ ಎಂಬ ವಾದಕ್ಕೆ ಅಲ್ಲಿನ ಬಂದರಿನಲ್ಲಿ ಬೆಲೆಯಿಲ್ಲ. ಅಂದ ಹಾಗೆ ಪತ್ರದಲ್ಲಿರುವ «ರಾಸಾಯನಿಕ ಮುಕ್ತ» ಎಂಬುದನ್ನು ತೆಗೆದುಬಿಡಿ. ಪರೀಕ್ಷೆಯ ವರದಿ ತೋರಿಸಿ ಎಂದು ಯಾರಾದರೂ ಕೇಳಿದರೆ ನಿಮ್ಮ ಕೈಯಲ್ಲಿ ಏನಿದೆ?

ಇನ್ನು, ದುಡ್ಡಿರುವವನು ಸರಿಯಾದ ಗಿರಾಕಿ ಎಂಬುದು ಅರ್ಧ ಮಾತ್ರ ನಿಜ. ಪಂಚತಾರಾ ಹೋಟೆಲಿನವನಿಗೆ ದುಡ್ಡಿದೆ. ಪಿಂಗಾಣಿಯೂ ಇದೆ.

ಹಾಳೆಮನೆ, ತೀರ್ಥಹಳ್ಳಿ

ನಾಲ್ಕು ದಿನ ಬೇಕಾಯಿತು. ಹದಿನಾಲ್ಕು ತಿಂಗಳ ಬಿಲ್ ಪುಸ್ತಕ ನೋಡಿದೆ. ಊರಿನ ಅಂಗಡಿಗಳನ್ನು ಬಿಟ್ಟರೆ ಕೊಂಡವರು ಒಟ್ಟು 31. ಮೂರಕ್ಕಿಂತ ಹೆಚ್ಚು ಸಲ ಕೊಂಡವರು ಐದೇ ಮಂದಿ! ಇಪ್ಪತ್ತಾದರೂ ಇರಬೇಕೆಂದುಕೊಂಡಿದ್ದೆ.

ಐವರಲ್ಲಿ ನಾಲ್ವರು ಬೆಂಗಳೂರಿನ ಮಧ್ಯಮ ಗಾತ್ರದ ಕ್ಯಾಟರಿಂಗ್‌ನವರು. ಐದನೆಯದು ಒಂದು ಮಠ, ಅದು ನಮ್ಮ ಚಿಕ್ಕಪ್ಪನ ಪರಿಚಯ. ಮಠವನ್ನು ಬಿಟ್ಟು ನಾಲ್ವರಿಗೂ ಫೋನ್ ಮಾಡಿದೆ. ಮೊದಲನೆಯವರಿಗೆ ಎಡವಿದೆ. «ನಮ್ಮ ತಟ್ಟೆ ಹೇಗಿದೆ ಸರ್?» ಎಂದುಬಿಟ್ಟೆ. «ಚೆನ್ನಾಗಿದೆ, ಚೆನ್ನಾಗಿದೆ» ಎಂದು ಇಟ್ಟರು. ಮಿಕ್ಕವರಿಗೆ, ನಮಗಿಂತ ಮೊದಲು ಯಾರ ಹತ್ತಿರ ಕೊಳ್ಳುತ್ತಿದ್ದಿರಿ, ಅಲ್ಲಿ ಕೊನೆಯ ಸಲ ಏನಾಯಿತು ಎಂದು ಕೇಳಿದೆ.

ಒಬ್ಬರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: «ಐನೂರು ತಟ್ಟೆ ಬಂದರೆ ಬೆಳಿಗ್ಗೆ ಎರಡು ಹುಡುಗರನ್ನು ಕೂರಿಸಿ ಒಂದು ಗಂಟೆ ಆರಿಸಬೇಕಿತ್ತು. ಅವತ್ತೇ ಹುಡುಗರು ಕಡಿಮೆ ಇರುತ್ತಾರೆ. ನಿಮ್ಮ ಕಟ್ಟು ಬಿಚ್ಚಿ ನೇರ ಮೇಜಿಗೆ ಇಡಬಹುದು.» ಇನ್ನೊಬ್ಬರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಮತ್ತೊಬ್ಬರು, «ನಿಮ್ಮ ಕಟ್ಟಿನಲ್ಲಿ 25 ಅಂದರೆ 25 ಇರುತ್ತದೆ, ಎಣಿಸುವ ಕೆಲಸವಿಲ್ಲ» ಎಂದರು.

ಪರಿಸರದ ಮಾತನ್ನು ಒಬ್ಬರೂ ಎತ್ತಲಿಲ್ಲ.

ತಮಾಷೆ ಏನೆಂದರೆ ಈ ಆರಿಸುವ ಕೆಲಸ ನಮ್ಮಮ್ಮನದು. ಸಂಜೆ ಜಗುಲಿಯಲ್ಲಿ ಕೂತು ಒಂದೊಂದು ತಟ್ಟೆಯನ್ನೂ ಬೆಳಕಿಗೆ ಹಿಡಿದು, ಬೆರಳಿನಲ್ಲಿ ತಟ್ಟಿ, ಮೂಸಿ ನೋಡುತ್ತಾರೆ. ಅರೆ ಒಣಗಿದ್ದು ತಟ್ಟಿದರೆ ಮಂಕಾಗಿ ಕೇಳುತ್ತದಂತೆ. ಅಷ್ಟು ತಟ್ಟೆ ಪಕ್ಕಕ್ಕೆ ಹಾಕಿದರೆ ಲಾಭ ಎಲ್ಲಿಂದ ಬರಬೇಕೆಂದು ನಾನೇ ಎಷ್ಟೋ ಸಲ ಜಗಳವಾಡಿದ್ದೇನೆ. ಪತ್ರದಲ್ಲಿ ಆ ಸಂಗತಿಯೇ ಇರಲಿಲ್ಲ.

ವರದಾತೀರ, ಸಾಗರ

ಸಿಕ್ಕಿತಲ್ಲ. ನೀವು ಮಾರುತ್ತಿರುವುದು ಹಾಳೆ ಎಂದುಕೊಂಡಿದ್ದಿರಿ. ಅವರು ಕೊಳ್ಳುತ್ತಿರುವುದು ನಿಮ್ಮಮ್ಮನ ಕಣ್ಣು.

ಈಗ ಸಾಲು ಬರೆಯಿರಿ. ಯಾರಿಗೆ, ಅವರ ಯಾವ ತಾಪತ್ರಯ ತಪ್ಪುತ್ತದೆ, ಅದನ್ನು ಏಕೆ ನಂಬಬೇಕು. ಒಂದೇ ವಾಕ್ಯ. ಬರೆದ ಮೇಲೆ ಎರಡು ಸಲ ಉಜ್ಜಿ ನೋಡಿ. ಬೇರೆಯವರ ಹೆಸರು ಹಾಕಿದರೂ ನಿಲ್ಲುತ್ತದೆಯೇ? ನಿಂತರೆ ಕೆಡವಿ. ಓದಿದವರಲ್ಲಿ ಯಾರಾದರೂ «ಇದು ನನಗಲ್ಲ» ಎಂದು ಎದ್ದು ಹೋಗುತ್ತಾರೆಯೇ? ಒಬ್ಬರೂ ಹೋಗದಿದ್ದರೆ ಆಗಲೂ ಕೆಡವಿ.

ಹಾಳೆಮನೆ, ತೀರ್ಥಹಳ್ಳಿ

ಒಂದನೆಯದು: «ಬೆಂಗಳೂರಿನ ಕ್ಯಾಟರಿಂಗ್ ಸಂಸ್ಥೆಗಳಿಗೆ ಗುಣಮಟ್ಟದ, ವಿಂಗಡಿಸಿದ ಹಾಳೆ ತಟ್ಟೆಗಳನ್ನು ಒದಗಿಸುತ್ತೇವೆ.»

ಎರಡನೆಯದು: «ಮದುವೆ, ಉಪನಯನ, ಕಚೇರಿ ಊಟ ಮುಂತಾದ ಎಲ್ಲ ಸಮಾರಂಭಗಳಿಗೆ ಸೋರದ, ಬಾಗದ, ಬೂಷ್ಟು ಹಿಡಿಯದ, ಎಣಿಸಿ ಕಟ್ಟಿದ ತಟ್ಟೆಗಳನ್ನು ಎರಡು ದಿನದಲ್ಲಿ ತಲುಪಿಸುತ್ತೇವೆ.»

ವರದಾತೀರ, ಸಾಗರ

ಮೊದಲನೆಯದರಲ್ಲಿ ಗುಣಮಟ್ಟ ಮತ್ತೆ ನುಸುಳಿದೆ. ವಿಂಗಡಿಸಿದರೆ ಆತನಿಗೇನು ಲಾಭ ಎಂಬುದನ್ನು ಆತನೇ ಊಹಿಸಿಕೊಳ್ಳಬೇಕು, ಅಷ್ಟು ವ್ಯವಧಾನ ಅವನಿಗಿಲ್ಲ.

ಎರಡನೆಯದರಲ್ಲಿ ಐದು ಮಾತು ಕೊಟ್ಟಿದ್ದೀರಿ. ಬೂಷ್ಟು ಹಿಡಿಯುವುದಿಲ್ಲವೆಂದು ಆಗುಂಬೆಯ ಮಗ್ಗುಲಲ್ಲಿ ಕೂತು ಬರೆಯುವ ಧೈರ್ಯಕ್ಕೆ ನಮಸ್ಕಾರ. ಇನ್ನು ಎಲ್ಲ ಸಮಾರಂಭ ಎಂದಿದ್ದೀರಿ. ಪಂಕ್ತಿಯಲ್ಲಿ ಕೂತು ಉಣ್ಣುವ ಮದುವೆಗೆ ಬಾಳೆ ಎಲೆ ಹಾಕುತ್ತಾರೆ, ಅಲ್ಲಿ ನಿಮಗೆ ಕೆಲಸವಿಲ್ಲ. ಬಾಳೆ ಎಲೆಯನ್ನು ಕೈಯಲ್ಲಿ ಹಿಡಿದು ನಿಂತು ಉಣ್ಣಲಾಗುವುದಿಲ್ಲ. ನಿಮ್ಮ ಜಾಗ ಅದು: ನಿಂತು ಉಣ್ಣುವ ಬಫೆ. ಅದರಲ್ಲೂ ಹೊಸನಗರದ ಅಕ್ಕ ಹೇಳಿದಂತೆ, ಮನೆಯವರು ಹಾಳೆ ತಟ್ಟೆಯನ್ನೇ ಕೇಳುವಂಥ ಬಫೆ. ಕಬ್ಬಿನ ತಟ್ಟೆಯಲ್ಲಿ ನೆಮ್ಮದಿಯಾಗಿರುವವನನ್ನು ಹಾಳೆಗೆ ತಿರುಗಿಸುವ ಸಾಹಸಕ್ಕೆ ಹೋಗಬೇಡಿ. ಈಗಾಗಲೇ ಹಾಳೆ ಕೊಂಡು ಆರಿಸಿ ಆರಿಸಿ ಬೇಸತ್ತವನನ್ನು ಹುಡುಕಿ.

ಅವನನ್ನು ಹೊರಗಿನಿಂದಲೇ ಗುರುತಿಸಲು ಆಗಬೇಕು. «ಕಾರ್ಯಕ್ಷಮತೆಗೆ ಬೆಲೆ ಕೊಡುವ ಸಂಸ್ಥೆ» ಎಂದು ಬರೆದುಕೊಂಡರೆ ಅಂಥವರನ್ನು ಎಲ್ಲಿ ಹುಡುಕುತ್ತೀರಿ? ಅವರ ಜಾಲತಾಣದಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಊಟದ ಮೇಜಿನ ಫೋಟೋ ಇರುತ್ತದೆ. ಮೇಜಿನ ತುದಿಯಲ್ಲಿ ಕಂದು ಬಣ್ಣದ ತಟ್ಟೆಗಳು ಪೇರಿಸಿದ್ದರೆ ನಿಮ್ಮವನು. ಬಾಳೆ ಎಲೆ, ಪಿಂಗಾಣಿ, ಬಿಳಿ ತಟ್ಟೆ ಕಂಡರೆ ಮುಂದೆ ಹೋಗಿ.

ಗಾಂಧಿಬಜಾರ್ ಹಳಬ

ಇದು ಅತಿಯಾಯಿತು. ಮಠ ಬೇಡ, ಮದುವೆ ಬೇಡ, ಹೋಟೆಲು ಬೇಡ, ಬಿಳಿ ತಟ್ಟೆಯವನು ಬೇಡ. ಅಂಗಡಿಗೆ ಬಂದವನ ಮುಖ ನೋಡಿ «ನೀನು ಬೇಡ» ಎಂದು ನಾನು ಯಾವತ್ತೂ ಕಳುಹಿಸಿದವನಲ್ಲ. ಹುಡುಗನನ್ನು ಉಪವಾಸ ಕೆಡವುತ್ತೀರಿ ನೀವು.

ವರದಾತೀರ, ಸಾಗರ

ಬಂದವರನ್ನು ಕಳುಹಿಸಿ ಎಂದು ನಾನೂ ಹೇಳಲಿಲ್ಲ ರಾಯರೇ. ಮಠ ಕೇಳಿದರೆ ಕೊಡಲಿ. ಯಾರನ್ನು ಹುಡುಕಿಕೊಂಡು ಹೋಗಬೇಕು ಎಂಬುದಷ್ಟೇ ಪ್ರಶ್ನೆ. ನಿಮ್ಮ ಅಂಗಡಿ ಬೀದಿಯಲ್ಲಿತ್ತು, ಜನ ತಾವಾಗಿ ಬರುತ್ತಿದ್ದರು. ಇವರ ಶೆಡ್ಡು ತೋಟದೊಳಗಿದೆ.

ಉಪವಾಸದ ಲೆಕ್ಕವನ್ನೂ ಹಾಕೋಣ. ದಿನಕ್ಕೆ 1,200ರಂತೆ 25 ದಿನ ಯಂತ್ರ ಓಡಿದರೆ ತಿಂಗಳಿಗೆ 30,000 ತಟ್ಟೆ. ಒಬ್ಬ ಮಧ್ಯಮ ಗಾತ್ರದ ಕ್ಯಾಟರಿಂಗ್‌ನವರು ನಿಮ್ಮಲ್ಲಿ ತಿಂಗಳಿಗೆ ಎಷ್ಟು ಕೊಳ್ಳುತ್ತಾರೆ ಹಾಳೆಮನೆಯವರೇ?

ಹಾಳೆಮನೆ, ತೀರ್ಥಹಳ್ಳಿ

ನಾಲ್ವರ ಸರಾಸರಿ ಸುಮಾರು 2,000. ತಿಂಗಳಿಗೆ ನಾಲ್ಕು ಊಟ, ಊಟಕ್ಕೆ ಐನೂರು. ಆಷಾಢದಲ್ಲಿ ಇಳಿಯುತ್ತದೆ. ಕಚೇರಿಯ ಊಟ ಮಾಡುವವರಿಗೆ ಆಷಾಢವಿಲ್ಲ.

ವರದಾತೀರ, ಸಾಗರ

ಹಾಗಾದರೆ 15 ಮಂದಿ ಸಿಕ್ಕರೆ ಯಂತ್ರ ತುಂಬುತ್ತದೆ. ನಾಲ್ವರು ಇದ್ದಾರೆ. ಬೇಕಾದವರು 11. ಹನ್ನೊಂದು ಮಂದಿಗಾಗಿ ಊರೆಲ್ಲ ಡಂಗುರ ಸಾರಬೇಕೇ? ನಿಮ್ಮ ಸಾಲು ಎಷ್ಟು ಕಿರಿದಾಗಬಹುದು ಎಂಬುದನ್ನು ನಿಮ್ಮ ಯಂತ್ರವೇ ಹೇಳುತ್ತದೆ. ದಿನಕ್ಕೆ ಲಕ್ಷ ತಟ್ಟೆ ಮಾಡುವವನಿಗೆ ಈ ಬಫೆಯ ಸಾಲು ಸಾಲುವುದಿಲ್ಲ, ಅವನು ಬೇರೆ ಸಾಲು ಬರೆದುಕೊಳ್ಳಬೇಕು.

ಗಾಂಧಿಬಜಾರ್ ಹಳಬ

ಲೆಕ್ಕ ಸರಿ ಇದೆ. ಆದರೂ ಇಮೇಲ್ ಓದುವುದಿಲ್ಲ ಎಂಬ ನನ್ನ ಮಾತು ಹಾಗೇ ಇದೆ.

ಹಾಳೆಮನೆ, ತೀರ್ಥಹಳ್ಳಿ

ಹಳೆಯ 60 ವಿಳಾಸಗಳನ್ನು ಈ ಕಣ್ಣಿನಿಂದ ಮತ್ತೆ ನೋಡಿದೆ. ಫೋಟೋದಲ್ಲಿ ಹಾಳೆ ತಟ್ಟೆ ಕಂಡವರು ಏಳೇ. ರೇಟ್ ಕೇಳಿದ ಇಬ್ಬರಲ್ಲಿ ಒಬ್ಬರು ಈ ಏಳರಲ್ಲಿದ್ದಾರೆ! ಹಾಗಾದರೆ ನಮ್ಮ ಊಹೆ ನಿಜವೆಂದಾಯಿತು, ಅಲ್ಲವೇ?

ವರದಾತೀರ, ಸಾಗರ

ಇಲ್ಲ. ಇಬ್ಬರಲ್ಲಿ ಒಬ್ಬರನ್ನು ಇಟ್ಟುಕೊಂಡು ಏನನ್ನೂ ಹೇಳಲಾಗದು. ಸುಮ್ಮನೆ ಸಂತೋಷಪಡಿ, ಅಷ್ಟೆ.

ಸಾಲು ಎಲ್ಲಿ?

ಹಾಳೆಮನೆ, ತೀರ್ಥಹಳ್ಳಿ

ಮೂರನೆಯದು: «ಬಫೆಗೆ ಹಾಳೆ ತಟ್ಟೆ ಬಳಸುವ ಬೆಂಗಳೂರಿನ ಕ್ಯಾಟರಿಂಗ್‌ನವರು ಊಟದ ದಿನ ಬೆಳಿಗ್ಗೆ ತಟ್ಟೆ ಆರಿಸಲು ಆಳು ಕೂರಿಸಬೇಕಾಗಿಲ್ಲ, ಏಕೆಂದರೆ ನಮ್ಮ ತಟ್ಟೆ ಒಂದೊಂದಾಗಿ ಆರಿಸಿ 25ರ ಕಟ್ಟಾಗಿಯೇ ಬರುತ್ತದೆ, ಕಟ್ಟಿನಲ್ಲಿ ಒಂದು ಕೆಟ್ಟದ್ದು ಸಿಕ್ಕರೆ ಎರಡು ಕೊಡುತ್ತೇವೆ.»

ಇದನ್ನು ಆ ನಾಲ್ವರಲ್ಲಿ ಒಬ್ಬರಿಗೆ ಫೋನಿನಲ್ಲಿ ಓದಿ, ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ ಸರ್ ಎಂದೆ. «ತಟ್ಟೆ ಆರಿಸುವ ತಲೆನೋವಿಲ್ಲ ಅಂತ ತಾನೇ?» ಎಂದರು. 25 ಎಂಬುದನ್ನು ಅವರು ನೆನಪಿಟ್ಟುಕೊಳ್ಳಲಿಲ್ಲ. ಒಂದಕ್ಕೆ ಎರಡು ಎಂಬುದನ್ನು ಮಾತ್ರ ಎರಡು ಸಲ ಕೇಳಿದರು.

ವರದಾತೀರ, ಸಾಗರ

ಇದು ನಿಲ್ಲುತ್ತದೆ. ಆರಿಸದೆ ಕಳುಹಿಸುವವನು ಇದರಲ್ಲಿ ತನ್ನ ಹೆಸರು ಹಾಕಿಕೊಂಡರೆ ಮೊದಲ ತಿಂಗಳೇ ದಿವಾಳಿ. ಕಡೆಯ ಆ ಆರು ಪದಗಳ ಬಲ ಅದು. ಅವರು ಮರೆತದ್ದನ್ನು ತೆಗೆಯಬಹುದು, ಆದರೆ ಗಡಿಬಿಡಿ ಬೇಡ, ಇನ್ನಿಬ್ಬರಿಗೆ ಓದಿ ನೋಡಿ.

ಮಲ್ಲೇಶ್ವರದ ಹೊಸನಗರದವಳು

ಎರಡು ತಕರಾರು ನನ್ನದು.

ಒಂದು, ಆರಿಸುವ ತಲೆನೋವು ಯಾರದು? ಸ್ಟೋರ್ ನೋಡಿಕೊಳ್ಳುವವನದು. ಹಣ ಮಂಜೂರು ಮಾಡುವವರು ಮಾಲೀಕರು. ಹುಡುಗರು ಒಂದು ಗಂಟೆ ಕೂತು ಆರಿಸಿದರೆ ನಮ್ಮ ಮಾಲೀಕರ ಕಣ್ಣಿಗೆ ಅದು ಖರ್ಚೇ ಅಲ್ಲ, «ಹೇಗಿದ್ದರೂ ಸಂಬಳ ಕೊಡುತ್ತೇವಲ್ಲ» ಎನ್ನುತ್ತಿದ್ದರು. ಅವರಿಗೆ ಬಿಸಿ ತಟ್ಟುತ್ತಿದ್ದದ್ದು, ಊಟಕ್ಕೆ ಕರೆದ ಮನೆಯವರು ಬೂಷ್ಟು ಹಿಡಿದ ತಟ್ಟೆಯ ಫೋಟೋ ತೆಗೆದು ಕಳುಹಿಸಿದಾಗ. ಪತ್ರ ಮಾಲೀಕರಿಗೆ ಹೋಗುವುದಾದರೆ ಸಾಲಿನಲ್ಲಿ ಆಳಿನ ಮಾತಿಗಿಂತ ಅತಿಥಿಯ ಕೈಗೆ ಹೋಗುವ ತಟ್ಟೆಯ ಮಾತು ಬರಬೇಕು. ಹಾಳೆಮನೆಯವರು ಫೋನ್ ಮಾಡಿದ ನಾಲ್ವರು ಯಾರು, ಮಾಲೀಕರೋ ಸ್ಟೋರಿನವರೋ?

ಎರಡು, ಒಂದಕ್ಕೆ ಎರಡು ಎಂಬ ಮಾತು ಜುಲೈಯಲ್ಲಿ ನಡೆಯುತ್ತದೆಯೇ? ನೀವು ಒಣಗಿದ್ದನ್ನೇ ಕಳುಹಿಸಿದರೂ ದಾರಿಯಲ್ಲಿ ಲಾರಿಯ ಟಾರ್ಪಾಲಿನ ಕೆಳಗೆ ತೇವ ಹಿಡಿಯುತ್ತದೆ. ಅವರ ಗೋದಾಮಿನಲ್ಲಿ ಒಂದು ತಿಂಗಳು ಬಿದ್ದಿದ್ದರಂತೂ ಕೇಳುವುದೇ ಬೇಡ. ಅದಕ್ಕೂ ಎರಡು ಕೊಡುತ್ತೀರಾ?

ಹಾಳೆಮನೆ, ತೀರ್ಥಹಳ್ಳಿ

ಮೂವರು ಸ್ಟೋರಿನವರು, ಒಬ್ಬರೇ ಮಾಲೀಕರು. ಎಣಿಸುವ ಕೆಲಸವಿಲ್ಲ ಎಂದವರು ಆ ಮಾಲೀಕರು. ಇದು ನನಗೆ ಹೊಳೆದೇ ಇರಲಿಲ್ಲ.

ಜುಲೈಯ ಲೆಕ್ಕ ನನ್ನ ಬಳಿ ಇಲ್ಲ. ಬೇಸಿಗೆಯಲ್ಲಿ ಐನೂರಕ್ಕೆ ಮೂರೋ ನಾಲ್ಕೋ ಕೆಟ್ಟದ್ದೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಅವರು ದೂರುವುದೂ ಕಡಿಮೆ, ಮಳೆಗಾಲವೆಂದ ಮೇಲೆ ಇಷ್ಟೇ ಎಂದುಕೊಳ್ಳುತ್ತಾರೇನೋ.

ವರದಾತೀರ, ಸಾಗರ

ನಾನು ಎಡವಿದ್ದು ಅಲ್ಲಿ, ಅಕ್ಕ ಹಿಡಿದರು. ಬಳಸುವವನನ್ನೂ ಕೊಳ್ಳುವವನನ್ನೂ ಒಬ್ಬನೇ ಎಂದುಕೊಂಡೆ. ಆದರೂ ಸಾಲನ್ನು ಮಾಲೀಕನ ಭಯದ ಮೇಲೆ ಕಟ್ಟಲು ನನಗೆ ಮನಸ್ಸಿಲ್ಲ. ಬೂಷ್ಟಿನ ಫೋಟೋ ವರ್ಷಕ್ಕೊಮ್ಮೆ ಬರುವ ಸಂಕಟ, ಆರಿಸುವುದು ಪ್ರತಿ ವಾರದ್ದು. ಪ್ರತಿ ವಾರದ ತಾಪತ್ರಯವನ್ನು ಹಿಡಿದು ಸ್ಟೋರಿನವನಿಗೇ ಬರೆದರೆ, ಒಳಗೆ ಮಾಲೀಕನ ಮುಂದೆ ಅವನೇ ವಾದಿಸುತ್ತಾನೆ.

ಗ್ಯಾರಂಟಿಗೆ ಗಡಿ ಹಾಕಿ: ಕಟ್ಟು ತಲುಪಿ ಏಳು ದಿನದೊಳಗೆ ಬಿಚ್ಚಿದ್ದಕ್ಕೆ ಮಾತ್ರ ಎಂದು. ಮತ್ತು ಈ ಮಳೆಗಾಲದಲ್ಲಿ ಆ ನಾಲ್ವರಿಗೆ ಕಳುಹಿಸುವ ಕಟ್ಟುಗಳಲ್ಲಿ ಕೆಟ್ಟದ್ದೆಷ್ಟು ಎಂದು ಕೇಳಿ ಬರೆದಿಡಿ. ಆ ಅಂಕಿ ಕೈಗೆ ಸಿಗುವವರೆಗೆ ಹೊಸಬರಿಗೆ ಆ ಮಾತು ಕೊಡಬೇಡಿ.

ಮಲ್ಲೇಶ್ವರದ ಹೊಸನಗರದವಳು

ಸ್ಟೋರಿನವನು ಮಾಲೀಕರ ಮುಂದೆ ವಾದಿಸುತ್ತಾನೆ ಎಂಬುದನ್ನು ನಾನು ನೋಡಿಲ್ಲ. ಮಾಲೀಕರು ಹೇಳಿದವರಿಂದಲೇ ಕೊಳ್ಳುತ್ತಾನೆ. ಹಾಗೆಯೇ ಮಳೆಗಾಲ ಮುಗಿಯುವವರೆಗೆ ಕಾಯುವುದು ಬೇಡವೆಂದೂ ನನಗನ್ನಿಸುತ್ತದೆ. ದೀಪಾವಳಿಯ ಕಚೇರಿ ಊಟಗಳಿಗೆ, ಆಮೇಲಿನ ಮದುವೆಗಳಿಗೆ ಯಾರಿಂದ ಕೊಳ್ಳಬೇಕೆಂದು ನಾವು ಸೆಪ್ಟೆಂಬರಿನಲ್ಲೇ ತೀರ್ಮಾನಿಸಿಬಿಡುತ್ತಿದ್ದೆವು.

ವಿನೋಬನಗರದವ

ಎರಡು ಸಾಲು ಬರೆದು, ಐದು ಮಂದಿ ಮಾಲೀಕರಿಗೆ ಒಂದು, ಐದು ಮಂದಿ ಸ್ಟೋರಿನವರಿಗೆ ಇನ್ನೊಂದು ಕಳುಹಿಸಿ ನೋಡಬಹುದಲ್ಲ. ಹತ್ತರಿಂದ ಏನೂ ಸಾಬೀತಾಗುವುದಿಲ್ಲವೆಂದು ವರದಾತೀರದವರು ಹೇಳುತ್ತಾರೆ, ಗೊತ್ತು. ಆದರೆ ಬರುವ ಉತ್ತರ «ರೇಟ್ ಎಷ್ಟು» ಎಂದಿದೆಯೋ, «ಒಂದು ಕಟ್ಟು ಕಳುಹಿಸಿ ನೋಡೋಣ» ಎಂದಿದೆಯೋ ಎಂಬುದಾದರೂ ತಿಳಿಯುತ್ತದೆ.

ವರದಾತೀರ, ಸಾಗರ

ಇದನ್ನು ಒಪ್ಪುತ್ತೇನೆ. ಗ್ಯಾರಂಟಿಯ ಮಾತನ್ನು ಮಾತ್ರ ಸದ್ಯ ಎರಡರಲ್ಲೂ ಬಿಡಿ.

ಮಿಡಿ ಉಪ್ಪಿನಕಾಯಿ, ರಿಪ್ಪನ್‌ಪೇಟೆ

ನನ್ನದೊಂದು ಪ್ರಶ್ನೆ, ಉಪ್ಪಿನಕಾಯಿಯದಲ್ಲ. ಹನ್ನೊಂದು ಮಂದಿ ಹೊಸಬರು ಬಂದರೆ ದಿನಕ್ಕೆ 1,200 ತಟ್ಟೆಯನ್ನೂ ಅಮ್ಮ ಒಬ್ಬರೇ ಮೂಸಬೇಕೇ? ಅವರಿಗೆ ನೆಗಡಿಯಾದ ದಿನ ಏನು ಮಾಡುತ್ತೀರಿ?

ಹಾಳೆಮನೆ, ತೀರ್ಥಹಳ್ಳಿ

ಅಕ್ಕಾ, ಇದನ್ನು ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ. ಈಗ ಆ ಗಿರಾಕಿಗಳಿಗೆ ನಿತ್ಯ ಹೋಗುವುದು ನಾನೂರು ಐನೂರು, ಅಷ್ಟನ್ನು ಅಮ್ಮ ನೋಡುತ್ತಾರೆ. ಉಳಿದದ್ದು ಆರಿಸದೆಯೇ ಸ್ಥಳೀಯ ಅಂಗಡಿಗಳಿಗೆ ಹೋಗುತ್ತದೆ. ಅಂದರೆ ನಾನು ಬರೆದ ಸಾಲು ಇವತ್ತಿಗೆ ನನ್ನ ಅರ್ಧ ಮಾಲಿಗೂ ನಿಜವಲ್ಲ.

ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಸೋಮವಾರದಿಂದ ಜಗುಲಿಯಲ್ಲಿ ಅಮ್ಮನ ಜೊತೆ ಕೂರಿಸಿದ್ದೇನೆ, ಕೂಲಿ ಕೊಟ್ಟು. ನಿನ್ನೆ ಅವರು ಆರಿಸಿ ಕಟ್ಟಿದ 500ನ್ನು ಅಮ್ಮ ಬಿಚ್ಚಿ ಮತ್ತೆ ನೋಡಿದರು. ಇನ್ನೂ 11 ಹೊರಗೆ ಬಂದವು. ಎಂಟು ಕಣ್ಣಿಗೆ ಕಾಣುವ ಸೀಳು, ಅದನ್ನು ಅವರು ಕಲಿಯುತ್ತಾರೆ. ಮೂರು ತಟ್ಟಿದರೆ ಮಾತ್ರ ತಿಳಿಯುವಂಥದ್ದು. ಅದನ್ನು ಹೇಗೆ ಕಲಿಸುವುದೆಂದು ಅಮ್ಮನಿಗೂ ತಿಳಿಯುತ್ತಿಲ್ಲ, «ಕೇಳಿಸುವುದಿಲ್ಲವೇ?» ಎನ್ನುತ್ತಾರೆ. ತೇವ ಅಳೆಯುವ ಸಣ್ಣ ಯಂತ್ರವನ್ನು ಮರದ ಮಿಲ್ಲಿನವರು ಬಳಸುತ್ತಾರಂತೆ, ಒಂದನ್ನು ಕೇಳಿ ತಂದು ಹಾಳೆಗೂ ನಡೆಯುತ್ತದೆಯೇ ನೋಡುತ್ತೇನೆ.

ಹತ್ತು ವಿಳಾಸ ಬರೆದಿಟ್ಟುಕೊಂಡಿದ್ದೇನೆ, ಐದರ ಎದುರು ಮಾಲೀಕರ ಹೆಸರು, ಐದರ ಎದುರು ಸ್ಟೋರಿನವರದು. ಇಮೇಲ್ ಇನ್ನೂ ಬರೆದಿಲ್ಲ.